ಮಕ್ಕಳ ಜ್ಞಾನಾತ್ಮಕ ವಿಕಾಸದ ಹಂತಗಳು: ತರಗತಿಯ ಉದಾಹರಣೆಗಳೊಂದಿಗೆ

ನಿಯೋಜಿತ ಕಾರ್ಯ – 2
ಕೋರ್ಸ್: ಡಿ.ಎಲ್.ಇಡಿ., ಪ್ರಥಮ ವರ್ಷ
ವಿಷಯ: ಬಾಲ್ಯ ಮತ್ತು ಮಕ್ಕಳ ವಿಕಾಸ
ಪ್ರಶ್ನೆ: ಪಿಯಾಜೆ ಹೇಳಿದ ಜ್ಞಾನಾತ್ಮಕ ವಿಕಾಸದ ಹಂತಗಳನ್ನು ತರಗತಿಯ ಉದಾಹರಣೆಗಳೊಂದಿಗೆ ವಿವರಿಸಿ, ಬೋಧನೆಯಲ್ಲಿ ಅವುಗಳ ಬಳಕೆ ಮತ್ತು ಮಿತಿಗಳನ್ನು ಚರ್ಚಿಸಿ. (20 ಅಂಕಗಳು)

ತಪ್ಪುತ್ತರದಿಂದ ಹುಟ್ಟಿದ ಸಿದ್ಧಾಂತ

ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ (1896–1980) ಓದಿದ್ದು ಜೀವಶಾಸ್ತ್ರ. 1920ರ ಸುಮಾರಿಗೆ ಪ್ಯಾರಿಸ್‌ನಲ್ಲಿ ಮಕ್ಕಳ ಬುದ್ಧಿಶಕ್ತಿ ಪರೀಕ್ಷೆಗಳನ್ನು ಪ್ರಮಾಣೀಕರಿಸುವ ಕೆಲಸಕ್ಕೆ ಸೇರಿದರು. ಅಲ್ಲಿ ಲೆಕ್ಕಕ್ಕೆ ಬೇಕಿದ್ದದ್ದು ಸರಿಯುತ್ತರಗಳು. ಅವರ ಕುತೂಹಲ ಕೆರಳಿಸಿದ್ದು ತಪ್ಪುತ್ತರಗಳು. ಹೆಚ್ಚುಕಡಿಮೆ ಒಂದೇ ವಯಸ್ಸಿನ ಮಕ್ಕಳು ಒಂದೇ ಬಗೆಯಲ್ಲಿ ತಪ್ಪುತ್ತಿದ್ದರು. ಹಾಗಾದರೆ ಮಗುವಿಗೆ ತಿಳಿವಳಿಕೆ ಕಡಿಮೆ ಎನ್ನುವುದಕ್ಕಿಂತ, ಅದು ಯೋಚಿಸುವ ರೀತಿಯೇ ದೊಡ್ಡವರದಕ್ಕಿಂತ ಬೇರೆ ಎಂಬ ತೀರ್ಮಾನಕ್ಕೆ ಅವರು ಬಂದರು. ಶಿಕ್ಷಕರಿಗೆ ಈ ಸಿದ್ಧಾಂತದಿಂದ ಆಗುವ ದೊಡ್ಡ ಉಪಯೋಗವೂ ಇಲ್ಲೇ ಇದೆ. ವಯಸ್ಸಿನ ಕೋಷ್ಟಕ ಬಾಯಿಪಾಠ ಮಾಡಿದರೆ ಪರೀಕ್ಷೆಗೆ ಸಾಕು, ತರಗತಿಗೆ ಸಾಲದು.

ಹಂತಗಳಿಗೆ ಮೊದಲು ಐದು ಪರಿಕಲ್ಪನೆಗಳನ್ನು ಒಂದೇ ಲೆಕ್ಕದಲ್ಲಿ ನೋಡಬಹುದು. ಎರಡನೇ ತರಗತಿಯ ಮಗುವಿಗೆ 52 – 27 ಕೊಟ್ಟಾಗ 35 ಎಂದು ಬರೆಯಿತು ಎಂದುಕೊಳ್ಳೋಣ. 7ರಲ್ಲಿ 2 ಹೋದರೆ 5, 5ರಲ್ಲಿ 2 ಹೋದರೆ 3. 'ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು' ಎಂಬುದು ಮಗುವಿನ ತಲೆಯಲ್ಲಿರುವ ಸ್ಕೀಮಾ. ಹೊಸ ಲೆಕ್ಕವನ್ನೂ ಅದಕ್ಕೇ ಹೊಂದಿಸಿಕೊಂಡದ್ದು ಸ್ವಾಂಗೀಕರಣ. ಈಗ ಹತ್ತತ್ತು ಕಡ್ಡಿಯ 5 ಕಟ್ಟು, 2 ಬಿಡಿ ಕಡ್ಡಿ ಕೊಟ್ಟು '27 ಕಡ್ಡಿ ನನಗೆ ಕೊಡು' ಎಂದರೆ, ಕೊಡಲು 7 ಬಿಡಿ ಕಡ್ಡಿ ಇಲ್ಲ. ಮಗು ತಡೆದು ನಿಲ್ಲುತ್ತದೆ, ಇದು ಅಸಮತೋಲನ. ಒಂದು ಕಟ್ಟು ಬಿಚ್ಚಿ ಕೊಟ್ಟು, 25 ಉಳಿದದ್ದನ್ನು ನೋಡಿ, ತನ್ನ ಹಳೆಯ ನಿಯಮವನ್ನೇ ತಿದ್ದಿಕೊಂಡರೆ ಅದು ಹೊಂದಾಣಿಕೆ. ಈ ಎಳೆದಾಟದಿಂದ ಮತ್ತೆ ನೆಲೆಗೆ ಬರುವುದು ಸಮತೋಲನೀಕರಣ. ಕಟ್ಟನ್ನು ಬಿಚ್ಚುವ ಕೈ ಮಗುವಿನದಾಗಿರಬೇಕು. ಶಿಕ್ಷಕರೇ ಬಿಚ್ಚಿಕೊಟ್ಟರೆ ಅಸಮತೋಲನ ಉಂಟಾಗುವುದೇ ಇಲ್ಲ, ಮರುದಿನ ಮತ್ತೆ 35 ಬರುತ್ತದೆ.

1. ಸಂವೇದನಾ-ಚಲನಾ ಹಂತ (ಹುಟ್ಟಿನಿಂದ 2 ವರ್ಷ)

ಈ ವಯಸ್ಸಿನ ಮಗು ಶಾಲೆಗೆ ಬರುವುದಿಲ್ಲವಾದ್ದರಿಂದ ಚುಟುಕಾಗಿ ಹೇಳಬಹುದು. ಮಗು ಲೋಕವನ್ನು ಅರಿಯುವುದು ಹಿಡಿದು, ಚೀಪಿ, ಎಸೆದು. ಮುಖ್ಯ ಸಾಧನೆ ವಸ್ತು ಸ್ಥಿರತೆ: ಗಿಲಕಿಯನ್ನು ಟವೆಲಿನಡಿ ಮುಚ್ಚಿಟ್ಟರೆ, ಸುಮಾರು 8 ತಿಂಗಳ ನಂತರ ಮಗು ಟವೆಲ್ ಎತ್ತಿ ಹುಡುಕತೊಡಗುತ್ತದೆ. ಆಗಲೂ ಒಂದು ಕೊರತೆ ಉಳಿದಿರುತ್ತದೆ. ಗಿಲಕಿಯನ್ನು ಕೆಲವು ಸಲ ಒಂದೇ ಕಡೆ ಬಚ್ಚಿಟ್ಟು, ಆಮೇಲೆ ಅದರ ಕಣ್ಣೆದುರೇ ಇನ್ನೊಂದು ಕಡೆ ಇಟ್ಟರೂ ಮಗು ಮೊದಲಿನ ಜಾಗದಲ್ಲೇ ಹುಡುಕುತ್ತದೆ.

2. ಪೂರ್ವ ಕಾರ್ಯಾಚರಣಾ ಹಂತ (2ರಿಂದ 7 ವರ್ಷ)

ಅಂಗನವಾಡಿಯಿಂದ ಒಂದನೇ ತರಗತಿಯವರೆಗಿನ ಬಹುತೇಕ ಮಕ್ಕಳು ಇಲ್ಲಿರುತ್ತಾರೆ. ಸಂಕೇತ ಬಳಸುವ ಶಕ್ತಿ ಬಂದಿರುತ್ತದೆ: ಬೆಂಕಿಪೊಟ್ಟಣ ಬಸ್ಸಾಗುತ್ತದೆ, ಚಾಪೆ ಅಂಗಡಿಯಾಗುತ್ತದೆ. ಅಕ್ಷರ ಕಲಿಕೆಗೆ ಬೇಕಾದ ಬುನಾದಿಯೂ ಇದೇ, ಏಕೆಂದರೆ ಗೀಟೊಂದು ಧ್ವನಿಯ ಬದಲಿಗೆ ನಿಲ್ಲಬಲ್ಲದು ಎಂದು ಒಪ್ಪಿಕೊಳ್ಳುವುದೇ ಓದಿನ ಮೊದಲ ಹೆಜ್ಜೆ.

ಕೊರತೆಗಳಲ್ಲಿ ಮೊದಲನೆಯದು ಸ್ವಕೇಂದ್ರಿತತೆ. ಇದು ಸ್ವಾರ್ಥವಲ್ಲ, ಇನ್ನೊಬ್ಬರು ನಿಂತ ಜಾಗದಿಂದ ನೋಡಲಾಗದಿರುವುದು. ಶಿಕ್ಷಕಿ ಮಕ್ಕಳಿಗೆ ಎದುರಾಗಿ ನಿಂತು ತಮ್ಮ ಬಲಗೈ ಎತ್ತಿ 'ಬಲಗೈ ಎತ್ತಿ' ಎಂದರೆ ಅರ್ಧ ತರಗತಿ ಎಡಗೈ ಎತ್ತುತ್ತದೆ. ಬೈದು ಪ್ರಯೋಜನವಿಲ್ಲ. ಮಕ್ಕಳಿಗೆ ಬೆನ್ನು ಮಾಡಿ ನಿಂತು ತೋರಿಸಬೇಕು, ಇಲ್ಲವೇ ಎದುರು ನಿಂತಾಗ ತಾವೇ ಎಡಗೈ ಎತ್ತಬೇಕು.

ಎರಡನೆಯದು ಸಜೀವಾರೋಪ. 'ಬಸ್ಸಿಗೆ ಜೀವ ಇದೆ, ಓಡುತ್ತಲ್ಲ ಮಿಸ್' ಎಂಬ ಉತ್ತರ ಪರಿಸರ ಅಧ್ಯಯನದ ತರಗತಿಯಲ್ಲಿ ಸಾಮಾನ್ಯ. ಚಲನೆಯೊಂದನ್ನೇ ಹಿಡಿದರೆ ಮರಕ್ಕೆ ಜೀವವಿಲ್ಲ ಎಂದೂ ಮಗು ಹೇಳುತ್ತದೆ. ಆದ್ದರಿಂದ 'ತಾನಾಗಿ ದೊಡ್ಡದಾಗುತ್ತಾ? ಮರಿ ಹಾಕುತ್ತಾ, ಇಲ್ಲಾ ಬೀಜ ಬಿಡುತ್ತಾ?' ಎಂಬ ಎರಡು ಪ್ರಶ್ನೆಗಳನ್ನು ಬಸ್ಸು, ಕರು, ಹೊಂಗೆ ಮರ ಮೂರಕ್ಕೂ ಕೇಳಿಸಬೇಕು.

ಮೂರನೆಯದು ಸಂರಕ್ಷಣೆ ಇಲ್ಲದಿರುವುದು, ಅಂದರೆ ಆಕಾರ ಬದಲಾದರೂ ಪ್ರಮಾಣ ಬದಲಾಗದು ಎಂಬ ಅರಿವಿನ ಕೊರತೆ. ಮಗು ಒಂದೇ ಅಂಶಕ್ಕೆ ಅಂಟಿಕೊಳ್ಳುವುದು (ಏಕಕೇಂದ್ರೀಕರಣ), ನಡೆದದ್ದನ್ನು ಮನಸ್ಸಿನಲ್ಲಿ ಹಿಂದಕ್ಕೆ ತಿರುಗಿಸಲಾಗದಿರುವುದು ಇದಕ್ಕೆ ಕಾರಣ. ಒಂದನೇ ತರಗತಿಯಲ್ಲಿ ಹೀಗೆ ಪರೀಕ್ಷಿಸಬಹುದು:

1. ಮೇಜಿನ ಮೇಲೆ 7 ಹುಣಸೆಬೀಜ ಸಾಲಾಗಿ ಇಡಿ. ಮಗುವಿಗೆ ಹತ್ತು ಹನ್ನೆರಡು ಅವರೆಕಾಳು ಕೊಟ್ಟು 'ಒಂದೊಂದು ಬೀಜಕ್ಕೆ ಒಂದೊಂದು ಕಾಳು ಇಡು' ಎನ್ನಿ.
2. 'ಎರಡೂ ಒಂದೇ ಸಮ ಇವೆಯಾ, ಒಂದರಲ್ಲಿ ಜಾಸ್ತಿ ಇದೆಯಾ?' ಎಂದು ಕೇಳಿ. ಸಮ ಎಂದು ಮಗು ಒಪ್ಪದೆ ಮುಂದೆ ಹೋಗಬೇಡಿ.
3. ಮಗು ನೋಡುತ್ತಿರುವಾಗಲೇ ಕಾಳುಗಳ ಸಾಲನ್ನು ಅಗಲಿಸಿ. ಅದೇ ಪ್ರಶ್ನೆ ಕೇಳಿ.
4. ಉತ್ತರ ಏನೇ ಬರಲಿ, 'ಹೇಗೆ ಗೊತ್ತಾಯ್ತು?' ಎಂದು ಕೇಳಿ. ನಿಜವಾದ ಮಾಹಿತಿ ಇರುವುದು ಇದರಲ್ಲಿ.

'ಕಾಳು ಜಾಸ್ತಿ, ಇಲ್ಲೀತನಕ ಬಂದಿದೆ' ಎನ್ನುವ ಮಗು ಸಾಲಿನ ಉದ್ದವನ್ನಷ್ಟೇ ನೋಡಿದೆ. 'ನೀವು ಸರಿಸಿದ್ದು ಅಷ್ಟೇ' ಅಥವಾ 'ಮತ್ತೆ ಹತ್ತಿರ ಇಟ್ಟರೆ ಸಮ ಆಗುತ್ತೆ' ಎನ್ನುವ ಮಗು ಮುಂದಿನ ಹಂತಕ್ಕೆ ಕಾಲಿಟ್ಟಿದೆ. ಎಣಿಸಿ 7 – 7 ಎಂದು ಹೇಳಿಯೂ 'ಕಾಳೇ ಜಾಸ್ತಿ' ಎನ್ನುವ ಮಕ್ಕಳೂ ಸಿಗುತ್ತಾರೆ. ಬಾಯಲ್ಲಿ ಎಣಿಕೆ ಬಂದ ಮಾತ್ರಕ್ಕೆ ಸಂಖ್ಯೆ ಗೊತ್ತಾಗಿದೆ ಎಂದು ಅಂಕಪಟ್ಟಿಯಲ್ಲಿ ಟಿಕ್ ಹಾಕುವವರು ಗಮನಿಸಬೇಕಾದ ಮಾತಿದು.

ಪ್ರಶಿಕ್ಷಣಾರ್ಥಿಗಳು ಈ ಪರೀಕ್ಷೆಯನ್ನು ಕೆಡಿಸುವುದು ಮೂರು ಬಗೆಯಲ್ಲಿ. 'ಯಾವುದು ಜಾಸ್ತಿ?' ಎಂದಷ್ಟೇ ಕೇಳಿದರೆ ಮಗು ಒಂದನ್ನು ಆರಿಸಲೇಬೇಕಾಗುತ್ತದೆ; 'ಸಮ' ಎಂಬ ಆಯ್ಕೆ ಪ್ರಶ್ನೆಯಲ್ಲೇ ಇರಬೇಕು. 'ಪ್ರಮಾಣ', 'ಸಮಾನ' ಎಂಬ ಪುಸ್ತಕದ ಮಾತು ಬಳಸಿದರೆ ಪರೀಕ್ಷೆಯಾಗುವುದು ಭಾಷೆ; ಮನೆಯಲ್ಲಿ ತುಳುವನ್ನೋ ಲಂಬಾಣಿಯನ್ನೋ ಆಡುವ ಮಗುವಿಗೆ ಇದು ದೊಡ್ಡ ಅನ್ಯಾಯ. ಮೂರನೆಯದು, ಗುಂಪಿನಲ್ಲಿ ಕೇಳುವುದು: ಮೊದಲ ಮಗು ಹೇಳಿದ್ದನ್ನೇ ಉಳಿದವರೂ ಹೇಳುತ್ತಾರೆ.

3. ಮೂರ್ತ ಕಾರ್ಯಾಚರಣಾ ಹಂತ (7ರಿಂದ 11 ವರ್ಷ)

ಕಣ್ಣೆದುರಿಗೆ ವಸ್ತು ಇದ್ದರೆ ಮಗು ತರ್ಕಬದ್ಧವಾಗಿ ಯೋಚಿಸುತ್ತದೆ. ಆದರೆ ಎಲ್ಲ ಬಗೆಯ ಸಂರಕ್ಷಣೆಯೂ ಒಟ್ಟಿಗೆ ಬರುವುದಿಲ್ಲ. ಸಂಖ್ಯೆಯದು ಸುಮಾರು 6–7 ವರ್ಷಕ್ಕೆ, ಜೇಡಿಮಣ್ಣಿನ ಮೊತ್ತದ್ದು 7–8ಕ್ಕೆ, ತೂಕದ್ದು 9–10ಕ್ಕೆ, ಘನಫಲದ್ದು 11–12ಕ್ಕೆ. ಮಣ್ಣಿನ ಉಂಡೆಯನ್ನು ಹೊಸೆದು ಉದ್ದ ಮಾಡಿದರೂ ಮಣ್ಣು ಅಷ್ಟೇ ಎನ್ನುವ ಮೂರನೇ ತರಗತಿಯ ಹುಡುಗಿ, 'ತೂಕ ಕಡಿಮೆಯಾಗಿದೆ' ಎಂದು ಮರುಗಳಿಗೆಯಲ್ಲೇ ಹೇಳಬಹುದು. ಅವಳ ಹಂತ ಯಾವುದು ಎಂದು ಒಂದೇ ಪದದಲ್ಲಿ ಬರೆಯಲಾಗದು.

ವರ್ಗದೊಳಗಿನ ವರ್ಗವನ್ನು ಹೂವಿನಿಂದ ನೋಡಬಹುದು. 7 ಸೇವಂತಿಗೆ, 3 ಕನಕಾಂಬರ ಇಟ್ಟು 'ಸೇವಂತಿಗೆ ಜಾಸ್ತಿಯೋ, ಹೂವು ಜಾಸ್ತಿಯೋ?' ಎಂದರೆ ಆರರ ಮಗು 'ಸೇವಂತಿಗೆ' ಎನ್ನುತ್ತದೆ. ಅದು ಹೋಲಿಸಿದ್ದು ಸೇವಂತಿಗೆಯನ್ನು ಕನಕಾಂಬರದೊಂದಿಗೆ. ಇಡೀ ಗುಂಪನ್ನೂ ಅದರ ಭಾಗವನ್ನೂ ಒಟ್ಟಿಗೆ ಮನಸ್ಸಿನಲ್ಲಿಟ್ಟುಕೊಳ್ಳಲು ಬಾರದ ಮಗುವಿಗೆ ನಾಮಪದದೊಳಗೆ ಅಂಕಿತನಾಮ ಬರುತ್ತದೆ ಎಂಬ ವ್ಯಾಕರಣವೂ ತಲೆಗೆ ಹೋಗದು.

ಶ್ರೇಣೀಕರಣಕ್ಕೆ ಬೇರೆ ಬೇರೆ ಉದ್ದದ 10 ಜೋಳದ ದಂಟಿನ ತುಂಡು ಸಾಕು. ಚಿಕ್ಕ ಮಗು ಎರಡೆರಡನ್ನು ಜೋಡಿಸಿ ಬಿಡುತ್ತದೆ. ಈ ಹಂತದ ಮಗು ಉಳಿದವುಗಳಲ್ಲಿ ಅತಿ ಚಿಕ್ಕದನ್ನು ಹುಡುಕುತ್ತ ಹೋಗುತ್ತದೆ. ಜೋಡಿಸಿದ ಮೇಲೆ ಹನ್ನೊಂದನೆಯ ತುಂಡು ಕೊಟ್ಟು ಅದರ ಜಾಗ ಕೇಳಿ. ಎಲ್ಲವನ್ನೂ ಕೆಡಿಸಿ ಮತ್ತೆ ಜೋಡಿಸುತ್ತದೋ, ನೇರ ನಡುವೆ ಸೇರಿಸುತ್ತದೋ ಎಂಬುದರಲ್ಲಿ ವ್ಯತ್ಯಾಸ ತಿಳಿಯುತ್ತದೆ.

ಹಿಮ್ಮುಖ ಚಿಂತನೆ ಇಲ್ಲದ ಕುರುಹು ಗಣಿತದ ನೋಟ್‌ಬುಕ್ಕಿನಲ್ಲೇ ಇರುತ್ತದೆ. 5 + □ = 8 ಎಂಬಲ್ಲಿ 13 ಬರೆದಿದ್ದರೆ, 8ರಿಂದ ಹಿಂದಕ್ಕೆ ಬರಲು ಮಗುವಿಗೆ ಆಗಿಲ್ಲ. 8 ಗೋಲಿಯಲ್ಲಿ 5 ತೋರಿಸಿ ಉಳಿದದ್ದನ್ನು ಬಟ್ಟಲಿನಡಿ ಮುಚ್ಚಿ 'ಒಳಗೆ ಎಷ್ಟು?' ಎಂದು ಕೇಳಿ, ಆಮೇಲೆ ಬಟ್ಟಲು ಎತ್ತಿಸಿ. ಅದನ್ನೇ ಚಿಹ್ನೆಯಲ್ಲಿ ಬರೆಸುವುದು ನಂತರದ ಕೆಲಸ. ನಲಿ-ಕಲಿಯಲ್ಲಿ 1ರಿಂದ 3ನೇ ತರಗತಿಯ ಮಕ್ಕಳು ಒಟ್ಟಿಗೆ ಕೂರುವುದರಿಂದ ಇಂಥ ವಸ್ತುಗಳನ್ನು ದೊಡ್ಡ ಮಕ್ಕಳಿಂದಲೂ ಕಸಿದುಕೊಳ್ಳಬಾರದು.

4. ಔಪಚಾರಿಕ ಕಾರ್ಯಾಚರಣಾ ಹಂತ (11 ವರ್ಷದ ನಂತರ)

ಕಣ್ಣಿಗೆ ಕಾಣದ್ದರ ಬಗ್ಗೆಯೂ 'ಹೀಗಿದ್ದರೆ ಹಾಗೆ' ಎಂದು ಯೋಚಿಸುವ ಹಂತವಿದು. ಪಿಯಾಜೆ ಮತ್ತು ಇನ್ಹೆಲ್ಡರ್ ಬಳಸಿದ ಲೋಲಕದ ಸಮಸ್ಯೆಯನ್ನು ಎಂಟನೇ ತರಗತಿಯಲ್ಲಿ ಮಾಡಿಸಲು ದಾರ, ಎರಡು ಕಲ್ಲು, ಗಡಿಯಾರ ಸಾಕು. 25 ಸೆಂ.ಮೀ. ಮತ್ತು 100 ಸೆಂ.ಮೀ. ದಾರದಲ್ಲಿ 10 ಆಂದೋಲನದ ಸಮಯ ಅಳೆಸಿ: ಸುಮಾರು 10 ಮತ್ತು 20 ಸೆಕೆಂಡು ಬರುತ್ತದೆ. ಉದ್ದವನ್ನು ದಾರದ ಗಂಟಿನಿಂದ ಕಲ್ಲಿನ ಮಧ್ಯಕ್ಕೆ ಅಳೆಯಬೇಕು. ಹಲವರು ಭಾರದ ಕಲ್ಲಿಗೆ ಗಿಡ್ಡ ದಾರ, ಹಗುರ ಕಲ್ಲಿಗೆ ಉದ್ದ ದಾರ ಕಟ್ಟಿ 'ಭಾರ ಇದ್ದರೆ ಬೇಗ ಆಡುತ್ತೆ' ಎಂದುಬಿಡುತ್ತಾರೆ. ಒಂದು ಅಂಶವನ್ನಷ್ಟೇ ಬದಲಿಸಿ ಉಳಿದದ್ದನ್ನು ಹಾಗೇ ಇಡಬೇಕೆಂದು ಹೊಳೆದಿಲ್ಲ ಎಂದರ್ಥ. ಆಗ ಉತ್ತರ ಹೇಳಬೇಡಿ. 'ಬೇಗ ಆಡಿದ್ದು ಭಾರಕ್ಕೋ, ದಾರಕ್ಕೋ, ಹೇಗೆ ಹೇಳ್ತೀರಿ?' ಎಂದು ಕೇಳಿ.

ಅನುಪಾತದಲ್ಲೂ ಹಾಗೆಯೇ. 2 ಲೋಟ ರವೆಗೆ 5 ಲೋಟ ನೀರಾದರೆ 4 ಲೋಟಕ್ಕೆ ಎಷ್ಟು? '7' ಎಂದವರು ಎರಡು ಕೂಡಿಸಿದ್ದಾರೆ, ಪಟ್ಟು ನೋಡಿಲ್ಲ. ಈ ತಪ್ಪು ಪ್ರೌಢಶಾಲೆಯಲ್ಲೂ ಧಾರಾಳ. ಔಪಚಾರಿಕ ಚಿಂತನೆ ವಯಸ್ಸಾದಂತೆ ತಾನಾಗಿ ಎಲ್ಲರಿಗೂ, ಎಲ್ಲ ವಿಷಯದಲ್ಲೂ ಬರುವುದಿಲ್ಲ ಎಂಬುದನ್ನು ಪಿಯಾಜೆಯೂ ನಂತರ ಒಪ್ಪಿದ್ದರು.

ಸಿದ್ಧಾಂತದ ಮಿತಿಗಳು

ಪಿಯಾಜೆ ಚಿಕ್ಕ ಮಕ್ಕಳ ಶಕ್ತಿಯನ್ನು ಕಡಿಮೆ ಅಂದಾಜಿಸಿದರು ಎಂಬ ಟೀಕೆಗೆ ಗಟ್ಟಿ ಆಧಾರವಿದೆ. 1974ರಲ್ಲಿ ಮೆಕ್‌ಗ್ಯಾರಿಗಲ್ ಮತ್ತು ಡೊನಾಲ್ಡ್‌ಸನ್ ಎಂಬ ಸಂಶೋಧಕರು ಸಂಖ್ಯೆಯ ಸಂರಕ್ಷಣೆಯ ಪರೀಕ್ಷೆಯಲ್ಲಿ ಸಾಲನ್ನು ತಾವು ಕದಲಿಸದೆ, 'ತುಂಟ' ಕರಡಿ ಬೊಂಬೆಯೊಂದು ಬಂದು ಕೆಡಿಸಿದಂತೆ ಮಾಡಿದರು. ಆಗ ಸಮ ಎಂದ ಮಕ್ಕಳ ಸಂಖ್ಯೆ ಬಹಳ ಹೆಚ್ಚಾಯಿತು. ದೊಡ್ಡವರು ಬೇಕೆಂದೇ ಸರಿಸಿ ಅದೇ ಪ್ರಶ್ನೆ ಮತ್ತೆ ಕೇಳಿದರೆ 'ಮೊದಲು ಹೇಳಿದ್ದು ತಪ್ಪಿರಬೇಕು' ಎಂದು ಮಗು ಊಹಿಸುತ್ತದೆ. ನಮ್ಮ ತರಗತಿಗಳಲ್ಲಿ ಎರಡನೇ ಸಲ ಪ್ರಶ್ನೆ ಕೇಳುವುದೂ ಸಾಮಾನ್ಯವಾಗಿ ಅದೇ ಕಾರಣಕ್ಕೆ ಅಲ್ಲವೇ! ವೈಗೋಟ್‌ಸ್ಕಿಯವರ ಆಕ್ಷೇಪ ಇನ್ನೊಂದು ಬಗೆಯದು: ಮಗು ಒಂಟಿಯಾಗಿ ಏನು ಮಾಡುತ್ತದೆ ಎಂಬುದಷ್ಟೇ ಅಲ್ಲ, ತಿಳಿದವರ ನೆರವಿನಿಂದ ಏನು ಮಾಡಬಲ್ಲದು ಎಂಬುದೂ ಮುಖ್ಯ. ಹಾಗಾಗಿ 'ಈ ಹಂತ ಇನ್ನೂ ಬಂದಿಲ್ಲ' ಎಂದು ಪಾಠ ಮುಂದೂಡುವುದು ಸಿದ್ಧಾಂತದ ದುರ್ಬಳಕೆ.

ದಾಖಲೆಯ ಮಾದರಿ

ವೀಕ್ಷಣಾ ಪುಸ್ತಕದಲ್ಲಿ ಹಂತದ ಹೆಸರಿಗಿಂತ ಮಗುವಿನ ಮಾತು ಮೊದಲು ಬರಬೇಕು. ಉದಾಹರಣೆಗೆ:

*2ನೇ ತರಗತಿ, ವಯಸ್ಸು 7 ವರ್ಷ 2 ತಿಂಗಳು. ಚಟುವಟಿಕೆ: ಒಂದೇ ಅಳತೆಯ ಎರಡು ಲೋಟ ನೀರು, ಒಂದನ್ನು ಅಗಲ ಬಟ್ಟಲಿಗೆ ಸುರಿದದ್ದು. ಉತ್ತರ: 'ಬಟ್ಟಲಲ್ಲಿ ಕಡಿಮೆ.' ಕಾರಣ: 'ಕೆಳಗೆ ಹೋಗಿದೆ.' ಬಟ್ಟಲಿನ ನೀರನ್ನು ಮಗುವಿನಿಂದಲೇ ಲೋಟಕ್ಕೆ ವಾಪಸ್ ಸುರಿಸಲಾಯಿತು. ಉತ್ತರ: 'ಈಗ ಸಮ ಆಯ್ತು.' ಮತ್ತೆ ಬಟ್ಟಲಿಗೆ ಸುರಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಕಡಿಮೆ… ಅಲ್ಲ, ಅಷ್ಟೇ ಇರಬೇಕು.' ಟಿಪ್ಪಣಿ: ಹುಣಸೆಬೀಜದ ಚಟುವಟಿಕೆಯಲ್ಲಿ ಸಂಖ್ಯೆಯ ಸಂರಕ್ಷಣೆ ಇತ್ತು, ದ್ರವದ್ದು ಮೂಡುತ್ತಿದೆ. ಮುಂದಿನ ವಾರ: ಎತ್ತರದ ಸಪೂರ ಬಾಟಲಿಯಲ್ಲಿ ಇದೇ ಚಟುವಟಿಕೆ, ಸುರಿಯುವ ಮೊದಲೇ ನೀರು ಎಲ್ಲಿಯವರೆಗೆ ಬರಬಹುದೆಂದು ಸೀಮೆಸುಣ್ಣದಿಂದ ಗುರುತು ಹಾಕಿಸುವುದು.*