ಮ್ಯೂಸಿಕ್ ಕ್ಲಬ್ ರಾಕ್ ಕ್ವಿಜ್, ಶುಕ್ರವಾರ ಸಂಜೆ

ಎಲ್ರೂ ಫೋನ್ ಬ್ಯಾಗೊಳಗೆ ಇಡ್ರಪ್ಪ, ಶುರು ಮಾಡೋಣ.

1. ಕವರ್ ಮೇಲೆ ಪ್ರಿಸಮ್, ಅದ್ರಿಂದ ಬಣ್ಣಬಣ್ಣದ ಬೆಳಕು, 1973ರ ಆಲ್ಬಮ್ ಯಾವ್ದು?
ಉತ್ತರ: ಪಿಂಕ್ ಫ್ಲಾಯ್ಡ್, ದ ಡಾರ್ಕ್ ಸೈಡ್ ಆಫ್ ದ ಮೂನ್.

2. ಫ್ಯಾಕ್ಟರೀಲಿ ಬೆರಳ ತುದಿ ಕಟ್ಟಾದ್ರೂ ಗಿಟಾರ್ ಬಿಡದವರು ಯಾರು?
ಉತ್ತರ: ಬ್ಲ್ಯಾಕ್ ಸಬ್ಬತ್‌ನ ಟೋನಿ ಅಯೋಮಿ. ಪ್ಲಾಸ್ಟಿಕ್ ಬಾಟ್ಲಿ ಕರಗಿಸಿ ಬೆರಳಿಗೆ ಟೋಪಿ ಮಾಡ್ಕೊಂಡು, ತೆಳು ತಂತಿ ಹಾಕ್ಕೊಂಡು, ಆಮೇಲೆ ಟ್ಯೂನಿಂಗೂ ಇಳಿಸಿ ನುಡಿಸಿದ್ರು, ಕೇಳಿದಾಗೆಲ್ಲ ಮೈ ಜುಂ ಅನ್ನತ್ತೆ ನಂಗೆ.

3. ಹಳೇ ಬೆಂಕಿಗೂಡಿನ ಮರದಿಂದ ಅಪ್ಪನ ಜೊತೆ ಸೇರಿ ಗಿಟಾರ್ ಮಾಡಿದ್ಯಾರು? ಪಿಕ್ ಬದ್ಲು ಏನ್ ಬಳಸ್ತಾರೆ?
ಉತ್ತರ: ಕ್ವೀನ್ ಬ್ಯಾಂಡಿನ ಬ್ರಿಯಾನ್ ಮೇ, ಗಿಟಾರ್ ಹೆಸ್ರು ರೆಡ್ ಸ್ಪೆಷಲ್. ಆರು ಪೆನ್ಸ್ ನಾಣ್ಯ. ಎರಡೂ ಹೇಳಿದ್ರೆ ಮಾತ್ರ ಫುಲ್ ಮಾರ್ಕ್ಸ್.

4. ಮೆಟಾಲಿಕಾ ಬೆಂಗಳೂರಿಗೆ ಬಂದಿದ್ದು?
ಉತ್ತರ: 2011, ಅರಮನೆ ಮೈದಾನ.