ತಿಳಿನೀರೆಲ್ಲ ಕುಡಿಯುವ ನೀರಲ್ಲ

(ಜಾಗೃತಿ ವಿಡಿಯೊ, ಮೂರು ನಿಮಿಷ)

ದೃಶ್ಯ 1
ಪುಣೆಯ ಸಿಂಹಗಡ ರಸ್ತೆಯಾಚೆಯ ಹಳ್ಳಿ. ಕಟ್ಟಡ ಕೆಲಸಗಾರರ ತಗಡಿನ ಮನೆಗಳ ಮುಂದೆ ನೀರಿನ ಟ್ಯಾಂಕರ್, ಕೊಡಗಳ ಸಾಲು. ಕ್ಯಾಮೆರಾ ಒಂದು ಕೊಡದೊಳಗೆ ಇಣುಕುತ್ತದೆ. ತಳ ಕಾಣುವಷ್ಟು ತಿಳಿನೀರು.

ನಿರೂಪಕಿ: ಕಲಬುರಗಿ, ವಿಜಯಪುರದ ಕಡೆಯಿಂದ ದುಡಿಯಲು ಬಂದ ಅಕ್ಕಂದಿರೇ, ಅಣ್ಣಂದಿರೇ, ಈ ನೀರನ್ನು ಕುಡಿಯಬಹುದೇ? ನೋಡಿ ಹೇಳಲು ಆಗದು. ರೋಗಾಣು ಕಣ್ಣಿಗೆ ಬೀಳುವುದಿಲ್ಲ. 2025ರ ಜನವರಿಯಲ್ಲಿ ಇದೇ ಭಾಗದ ನಾಂದೇಡ್, ಕಿರಕಟವಾಡಿ ಸುತ್ತಮುತ್ತ ಜಿಬಿಎಸ್ ಎಂಬ ನರದ ಕಾಯಿಲೆ ಅನೇಕರನ್ನು ಮಲಗಿಸಿತು. ಹಲವರಿಗೆ ಮೊದಲು ಭೇದಿಯಾಗಿತ್ತು, ಆಮೇಲೆ ಕೈಕಾಲು ಸೋತವು. ರೋಗಿಗಳ ಮಲದ ಪರೀಕ್ಷೆಯಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಎಂಬ ರೋಗಾಣು ಸಿಕ್ಕಿತು. ಕೊಳಕು ನೀರು, ಅರೆಬೆಂದ ಕೋಳಿ ಮಾಂಸ, ಇವು ಅದರ ಮುಖ್ಯ ದಾರಿಗಳು.

ದೃಶ್ಯ 2
ಅಡುಗೆ ಮನೆ. ಅತ್ತೆ, ಸೊಸೆ.

ಅತ್ತೆ: ಬಟ್ಟೆಯಲ್ಲಿ ಸೋಸಿದ್ದೇನೆ, ಪಟಿಕವನ್ನೂ ಆಡಿಸಿದ್ದೇನೆ. ಇನ್ನೇನು ಮಾಡಬೇಕೇ?

ಸೊಸೆ: ಸೋಸಿದರೆ ಕಸ ಹೋಗುತ್ತದೆ, ಪಟಿಕ ಹಾಕಿದರೆ ಮಣ್ಣು ತಳಕ್ಕಿಳಿಯುತ್ತದೆ. ರೋಗಾಣು ಸಾಯಬೇಕಾದರೆ ಕುದಿಸಲೇಬೇಕು, ಅತ್ತೆ.

(ಪಾತ್ರೆಯ ಹತ್ತಿರದ ನೋಟ. ತಳದಿಂದ ಸಣ್ಣ ಗುಳ್ಳೆಗಳು ಏಳುತ್ತವೆ. ಅತ್ತೆ ಒಲೆ ಆರಿಸಲು ಕೈ ಚಾಚುತ್ತಾಳೆ.)

ಸೊಸೆ: ತಡೆಯಿರಿ, ಇದಿನ್ನೂ ಕುದಿಯಲ್ಲ. ನೀರು ಕೊತಕೊತ ಮಗುಚಬೇಕು. ಹಾಗೆ ಕುದಿಯತೊಡಗಿದ ಮೇಲೆ ಒಂದು ನಿಮಿಷ ಬಿಡಿ.

ಅತ್ತೆ: ದಿನವೂ ಇಷ್ಟು ಗ್ಯಾಸ್ ಸುಟ್ಟರೆ ಸಿಲಿಂಡರಿಗೆ ಎಲ್ಲಿಂದ ತರುವುದು?

ಸೊಸೆ: ಕುಡಿಯುವಷ್ಟನ್ನು ಮಾತ್ರ ಕುದಿಸೋಣ. ಗ್ಯಾಸ್ ತೀರಿದ ದಿನ ಕ್ಲೋರಿನ್ ಮಾತ್ರೆಯಿದೆ. ಪೊಟ್ಟಣದ ಮೇಲೆ ಬರೆದಷ್ಟು ನೀರಿಗೆ ಹಾಕಿ ಅರ್ಧ ಗಂಟೆ ಮುಚ್ಚಿಡಬೇಕು. ಸ್ವಲ್ಪ ವಾಸನೆ ಬಂದರೆ ನೀರು ಕೆಟ್ಟಿತೆಂದು ಚೆಲ್ಲಬೇಡಿ, ಅದು ಮದ್ದಿನ ವಾಸನೆ.

(ಆಟವಾಡಿ ಬಂದ ಹುಡುಗ ಮಣ್ಣು ಮೆತ್ತಿದ ಕೈಯಲ್ಲಿ ಲೋಟವನ್ನು ಕೊಡಕ್ಕೆ ಅದ್ದುತ್ತಾನೆ. ಬೆರಳುಗಳು ನೀರಿಗಿಳಿಯುತ್ತವೆ. ಚಿತ್ರ ನಿಲ್ಲುತ್ತದೆ.)

ನಿರೂಪಕಿ: ಕುದಿಸಿದ ಶ್ರಮವೆಲ್ಲ ಇಲ್ಲಿ ಹಾಳಾಯಿತು! ಉದ್ದ ಹಿಡಿಯ ಸೌಟಿಟ್ಟುಕೊಳ್ಳಿ, ಇಲ್ಲವೇ ನಲ್ಲಿಯಿರುವ ಡಬ್ಬ ತನ್ನಿ. ಕೊಡವನ್ನು ಮುಚ್ಚಿಡಿ. ಮಲವಿಸರ್ಜನೆಗೆ ಹೋಗಿ ಬಂದಾಗ, ಊಟಕ್ಕೆ ಮುಂಚೆ ಸೋಪಿನಿಂದ ಕೈ ತೊಳೆಯಿರಿ.

ದೃಶ್ಯ 3
ಮಂಚದ ಮೇಲೆ ಭೇದಿಯಿಂದ ಬಸವಳಿದ ಮಗು. ತಾಯಿ ಓಆರ್‌ಎಸ್ ಕಲಕುತ್ತಾಳೆ.

ನಿರೂಪಕಿ: ದೊಡ್ಡ ಪೊಟ್ಟಣವಾದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಪೂರ್ತಿ ಹಾಕಿ. ಗುಟುಕು ಗುಟುಕಾಗಿ ಕುಡಿಸಿ. ಭೇದಿಯೆಂದು ಎದೆಹಾಲು ನಿಲ್ಲಿಸಬೇಡಿ. ಕಣ್ಣು ಗುಳಿಬಿದ್ದರೆ, ಮೂತ್ರ ನಿಂತರೆ, ಮಲದಲ್ಲಿ ರಕ್ತ ಕಂಡರೆ ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಕರೆದೊಯ್ಯಿರಿ. ಭೇದಿ ನಿಂತ ಕೆಲವು ದಿನ ಅಥವಾ ವಾರಗಳ ಬಳಿಕ ಪಾದ ಜುಮ್ಮೆಂದರೆ, ಎದ್ದು ನಿಲ್ಲಲು ಕಾಲು ಬಾರದಿದ್ದರೆ, ದೊಡ್ಡವರಾಗಲಿ ಮಕ್ಕಳಾಗಲಿ, ಅದೇ ದಿನ ವೈದ್ಯರಿಗೆ ತೋರಿಸಿ. ಉಸಿರಾಡಲು ಕಷ್ಟವಾದರೆ ತಡಮಾಡದೆ 108ಕ್ಕೆ ಕರೆ ಮಾಡಿ.

(ಪರದೆಯ ಮೇಲೆ ದೊಡ್ಡದಾಗಿ, ಕನ್ನಡ ಮತ್ತು ಮರಾಠಿಯಲ್ಲಿ: ಆಂಬುಲೆನ್ಸ್ 108)