ಬೋಣಿ

ಖಾತೆಗೆ ಗೃಹಲಕ್ಷ್ಮಿಯ 2000 ರೂಪಾಯಿ ಬಿದ್ದ ದಿನ ನಮ್ಮ ಮನೆಯಲ್ಲಿ ಸಣ್ಣದೊಂದು ಜಗಳ ಆಗಲೇಬೇಕು. ರೊಕ್ಕ ಆಯಿದು, ಎಟಿಎಂ ಕಾರ್ಡು ಅಪ್ಪನ ಕಿಸೆಯಲ್ಲಿ. ಅಪ್ಪ ಮರೆಯುವುದು, ಆಯಿ ನೆನಪಿಸುವುದು, "ನಿನಗ ಈಗ ರೊಕ್ಕ ಯಾಕ ಬೇಕವ್ವಾ?" ಅಂತ ಅವನು ಕೇಳುವುದು. ಆಮೇಲೆ ಎರಡು ದಿನ ಆಯಿ ಅವನ ತಾಟಿಗೆ ರೊಟ್ಟಿಯನ್ನು ಮಾತಿಲ್ಲದೆ ಹಾಕುವುದು.

ಈ ಸಲ ಆಯಿ ಜಗಳ ಮಾಡಲಿಲ್ಲ. ರಜೆಗೆ ಬಂದಿದ್ದ ನನ್ನನ್ನು ಹಿತ್ತಲಿಗೆ ಕರೆದು, ಅಪ್ಪ ಬಿಟ್ಟ ಹಳೇ ಫೋನನ್ನು ಸೆರಗಿನೊಳಗಿಂದ ತೆಗೆದಳು.

"ಎಲ್ಲಾರೂ ಗಾಡಿಗೆ ಹಿಡದು ಟುಂಯ್ ಅನಸ್ತಾರಲ್ಲ, ಹಂಗ ಮಾಡಿಕೊಡು. ನಿಮ್ಮಪ್ಪಗ ಹೇಳಬ್ಯಾಡ."

ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ಮು ಅದೇ ಫೋನಿನಲ್ಲಿತ್ತು. ಕಾರ್ಡು ಮಾತ್ರ ಅಪ್ಪ ಸ್ನಾನಕ್ಕೆ ಹೋದಾಗ ಕಿಸೆಯಿಂದ ತಂದದ್ದು ಆಯಿಯೇ. ಪಿನ್ನಿಗೆ ನಾಲ್ಕು ಅಂಕಿ ಹೇಳು, ಹುಟ್ಟಿದ ವರ್ಷ ಬೇಡ, ಮರೆಯುವಂಥದ್ದೂ ಬೇಡ ಅಂದೆ. ಯೋಚನೆ ಮಾಡಲೇ ಇಲ್ಲ, ಹೇಳಿಬಿಟ್ಟಳು. ಮುಳುಗಡೆಯಾದ ಹಳೇ ಊರಿನ ಮನೆಯ ನಂಬರು. ಆಲಮಟ್ಟಿ ಹಿನ್ನೀರು ಬಂದಾಗ ಬಾಗಿಲು, ತೊಲೆ, ಒಳಕಲ್ಲು ಎಲ್ಲ ಕಿತ್ತು ನವನಗರಕ್ಕೆ ಸಾಗಿಸಿದವರು ನಂಬರಿನ ತಗಡನ್ನೂ ತಂದಿದ್ದರು. ಈಗಲೂ ಅದು ಅಟ್ಟದ ಮೇಲೆ ಎಲ್ಲೋ ಇದೆ.

ಮರುದಿನ ಮುಂಜಾನೆ ಏಳೂವರೆಗೆ ಮುಚಖಂಡೆವ್ವನ ಗಾಡಿ ನಮ್ಮ ಸೆಕ್ಟರಿಗೆ ಬಂತು. ಮುಚಖಂಡಿಯಿಂದ ಬರುತ್ತಾಳಾದ್ದರಿಂದ ಮುಚಖಂಡೆವ್ವ. ಹಳೇ ಊರಲ್ಲಿದ್ದಾಗ ತಲೆಯ ಮೇಲೆ ಬುಟ್ಟಿ ಹೊತ್ತು ಬರುತ್ತಿದ್ದಳು, ಈಗ ತಳ್ಳುಗಾಡಿ. ಕೆರೆ ನೀರಿನ ಮೆಂತೆ, ರಾಜಗಿರಿ, ಎಳೇ ಸವತಿಕಾಯಿ. ತಕ್ಕಡಿಯ ಪಕ್ಕಕ್ಕೆ ಸುತಳಿ ಹಗ್ಗದಲ್ಲಿ ಕಟ್ಟಿದ ಕ್ಯೂಆರ್ ಕೋಡು, ಅದರ ಹತ್ತಿರ ಮಾತಾಡುವ ಡಬ್ಬಿ. ಅದು ಬಂದು ಇನ್ನೂ ತಿಂಗಳಾಗಿರಲಿಲ್ಲ.

ಎರಡು ಸಿವುಡು ಮೆಂತೆಪಲ್ಯ, ಪಾವ್ ಕಿಲೋ ಹಸಿಮೆಣಸಿನಕಾಯಿ, ಅರ್ಧ ಕಿಲೋ ಬದನಿಕಾಯಿ. ಬದನಿಕಾಯಿಯನ್ನು ಆಯಿ ಒಂದೊಂದಾಗಿ ತೊಟ್ಟು ಹಿಡಿದು ತಿರುಗಿಸಿ, ತೂತು ನೋಡಿ, ಎರಡನ್ನು ವಾಪಸ್ ಎಸೆದಳು.

"ಐವತ್ತೈದು ಆತರಿ ಆಯಿ."

"ಐವತ್ತು."

"ಬೋಣಿ ಐತ್ರಿ, ಹಂಗ ಮಾಡಬ್ಯಾಡ್ರಿ."

"ಬೋಣಿಗೇ ಐವತ್ತು. ನನ್ನ ಕೈಗುಣ ನಿನಗ ಗೊತ್ತಿಲ್ಲೇನು?" ಹೀಗಂದು ಆಯಿ ಫೋನು ತೆಗೆದಳು. ಮುಚಖಂಡೆವ್ವನ ಬಾಯಿ ಹಂಗೇ ತೆರೆದುಕೊಂಡಿತು.

ಆಯಿ ಕೋಡನ್ನು ಕಣ್ಣ ಹತ್ತಿರ ಹಿಡಿದು ನೋಡಿದಳು. ವಯಸ್ಸಿನಲ್ಲಿ ಕಸೂತಿ ಹಾಕಿದವಳು. "ಯಾರ ತೆಗದಾರಲೇ ಇದನ್ನ? ಮೂರು ಮೂಲಿಗೆ ಗೋಪುರ ಹಾಕ್ಯಾರ, ನಾಕನೇದು ಬಿಟ್ಟಬಿಟ್ಟಾರ. ನಡುವ ಎಣಿಕಿನೂ ತಪ್ಪೈತಿ."

"ಅದು ಹಂಗೇ ಇರ್ತದ ಆಯಿ, ಫೋನು ಹಿಡಿ" ಅಂದೆ.

ಹಿಡಿದಳು. ಪರದೆ ಕಪ್ಪು. ಹೆಬ್ಬೆರಳು ಕ್ಯಾಮೆರಾದ ಮೇಲೇ ಇತ್ತು. ಬೆರಳು ಸರಿಸಿದರೆ ಎಲೆಯಡಿಕೆಯ ಸುಣ್ಣ ಅಂಟಿಕೊಂಡು ಎಲ್ಲ ಮಂಜು ಮಂಜು. ಸೆರಗಿನಿಂದ ಒರೆಸಿದೆವು. ಮೂರನೇ ಸಲಕ್ಕೆ ಹಿಡಿಯಿತು, ಮೇಲೊಂದು ಹೆಸರು ಬಂತು: KASTURI. ನಾನು ಓದಿ ಹೇಳಿದೆ.

ಆಯಿ ಫೋನನ್ನು ತಟ್ಟನೆ ಎದೆಗೆ ಅವಚಿಕೊಂಡಳು. "ಕಸ್ತೂರಿ ಯಾಕಿ? ಪಲ್ಯಾ ಈಕೀದು, ರೊಕ್ಕಾ ಮತ್ಯಾಕಿಗೋ ಹೋಗಾಕತ್ತಾವು. ಬಂದ ಮಾಡು."

"ಆಯಿ, ಅದು ನಾನರಿ."

"ನೀನಾ?"

"ಅವ್ವ ಇಟ್ಟ ಹೆಸರರಿ. ಬ್ಯಾಂಕಿನ್ಯಾಗ ಅದ ಐತಿ. ಯಾರ ಕರೀತಾರ್ರಿ ಈಗ." ಮುಚಖಂಡೆವ್ವ ಸೊಪ್ಪಿಗೆ ನೀರು ಚಿಮುಕಿಸುವ ನೆಪದಲ್ಲಿ ಮುಖ ತಿರುಗಿಸಿದಳು. ನಾಚಿಕೊಂಡಿದ್ದಳು ಅಂತ ನನಗನ್ನಿಸಿತು.

ಮೂವತ್ತು ವರ್ಷ ಈಕೆಯ ಪಲ್ಯ ತಿಂದ ಆಯಿ ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ 50 ಒತ್ತಿದಳು. ಪಿನ್ನು ಕೇಳಿತು. ನಿನ್ನೆಯಿಂದ ನಾನು ಹೇಳಿದ್ದು ಒಂದೇ ಮಾತು, ಯಾರಿಗೂ ಕೇಳಿಸಬಾರದು. ಆಯಿ ಫೋನನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಯಾರೂ ನೋಡದ ಹಾಗೆ ಬಗ್ಗಿ, ಒಂದೊಂದು ಅಂಕಿ ಒತ್ತುತ್ತ ದೊಡ್ಡ ದನಿಯಲ್ಲಿ ಓದಿದಳು. ಜಪ ಎಣಿಸಿದಂತೆ. ಆ ನಂಬರು ನಾನಿಲ್ಲಿ ಬರೆಯುವುದಿಲ್ಲ, ಸಂಜೆಗೆ ಬದಲಿ ಮಾಡಿಸಿದ್ದೇನೆ. ಬದಲಿ ಮಾಡುವಾಗ ಆಯಿಗೆ ಸಿಟ್ಟು ಬಂದಿತ್ತು. "ಮನಿ ಬಿಡಸಿದ್ರು, ಈಗ ನಂಬರೂ ಬಿಡಸ್ತೀರಿ" ಅಂದಳು.

ಟುಂಯ್ ಅಂತು. ಹಿಂದೆಯೇ ಡಬ್ಬಿ ಓಣಿಗೆಲ್ಲ ಕೇಳುವ ಹಾಗೆ, ಐವತ್ತು ರೂಪಾಯಿ ಸ್ವೀಕರಿಸಲಾಗಿದೆ ಅಂತು.

ಆಯಿ ಹಿಗ್ಗಿ ನನ್ನ ಕಡೆ ನೋಡಿದಳು. ಆದರೆ ಎದುರುಮನೆ ಗೌರಕ್ಕ ಬಾಗಿಲಲ್ಲೇ ನಿಂತಿದ್ದರು. ಚೀಲ ಹಿಡಿದು ಇಳಿದು ಬಂದು ಆಯಿಯ ಬುಟ್ಟಿಯೊಳಗೆ ಇಣುಕಿದರು. ಎರಡು ಸಿವುಡು, ಬದನಿಕಾಯಿ, ಮೆಣಸಿನಕಾಯಿ.

"ಏನವಾ, ನಿನ್ನಿ ಇಷ್ಟಕ್ಕ ನನ್ನ ಕಡಿಂದ ಐವತ್ತೈದು ಎಣಿಸಿಗೊಂಡಿ. ಒಂದ್ ರೂಪಾಯಿ ಬಿಡಂದ್ರ ಬಿಡಲಿಲ್ಲ. ಆಯಿಗೊಂದು ನನಗೊಂದಾ?"

ಮುಚಖಂಡೆವ್ವ ತಡವರಿಸಿದಳು. ಇಷ್ಟು ವರ್ಷ ಆಯಿಯ ಐದು ರೂಪಾಯಿ ಚೌಕಾಸಿ ಎರಡು ಮುಷ್ಟಿಗಳ ನಡುವೆ ಮುಗಿದುಹೋಗುತ್ತಿತ್ತು. ಎಷ್ಟು ಕೊಟ್ಟಳು, ಎಷ್ಟು ತೊಗೊಂಡಳು ಅಂತ ಗಾಡಿಯ ಆಚೆ ನಿಂತವರಿಗೂ ತಿಳಿಯುತ್ತಿರಲಿಲ್ಲ. ಈಗ ಡಬ್ಬಿ ಡಂಗುರ ಸಾರಿತ್ತು. ಇವತ್ತು ಗೌರಕ್ಕ, ನಾಳೆ ಇಡೀ ಸೆಕ್ಟರು. ಆಕೆಯ ಕೈ ಡಬ್ಬಿಯ ಗುಂಡಿ ಹುಡುಕುತ್ತಿತ್ತು, ಆಡಿದ ಮಾತನ್ನು ಅದರ ಬಾಯೊಳಗೆ ವಾಪಸ್ ತುರುಕುವವಳ ಹಾಗೆ.

ಆಯಿ ಸೊಂಟದ ಚಂಚಿ ಬಿಚ್ಚಿದಳು. ಅಡಕಿ, ಸುಣ್ಣದ ಡಬ್ಬಿ, ತಂಬಾಕಿನ ಚೀಟಿ, ಎಲ್ಲಕ್ಕೂ ಕೆಳಗೆ ಬೆರಳು ಇಳಿಸಿ ಐದರ ನಾಣ್ಯ ಹುಡುಕಿ ತೆಗೆದು ತಕ್ಕಡಿಯ ತಟ್ಟೆಯಲ್ಲಿ ಠಣ್ ಅಂತ ಇಟ್ಟಳು.

"ಡಬ್ಬಿಗೇನ ತಿಳಿತೈತಿ ಗೌರವ್ವಾ, ಅರ್ಧಾ ಹೇಳಿ ಸುಮ್ಮನಾತು. ಐದು ಕೈಯಾಗ ಕೊಡೂದಿತ್ತು. ಬೋಣಿ ಅಲ್ಲನು? ಕೈಯಾಗ ಏನೂ ಬೀಳದ ಎಂಥಾ ಬೋಣಿ ಅದು."

ಗೌರಕ್ಕನಿಗೆ ಪೂರ್ತಿ ನಂಬಿಕೆ ಬರಲಿಲ್ಲ, ಆದರೆ ನಾಣ್ಯ ಕಣ್ಣ ಮುಂದೆ ಇತ್ತು. ಮುಚಖಂಡೆವ್ವ ಅದನ್ನು ಎತ್ತಿ, ಎರಡೂ ಕಣ್ಣಿಗೆ ಒತ್ತಿಕೊಂಡು, ತಕ್ಕಡಿಯ ದಂಡಿಗೆ ಮುಟ್ಟಿಸಿ, ತಟ್ಟಿನ ಕೆಳಗೆ ಹಾಕಿಕೊಂಡಳು. ಸುಣ್ಣ ಅವಳ ರೆಪ್ಪೆಗೂ ಹತ್ತಿತ್ತು.

ಅಷ್ಟರಲ್ಲಿ ಆಯಿಯ ಕೈ ಕೊತ್ತಂಬರಿಯ ಮೇಲಿತ್ತು. ಒಂದು ಹಿಡಿ ತೆಗೆದು ಬುಟ್ಟಿಗೆ ಹಾಕಿದಳು. "ಮೊದಲ ಚಿಲ್ಲರಾ ಇಲ್ಲಂತ ನೀನ ಹಾಕತಿದ್ದಿ. ಫೋನಿನ್ಯಾಗ ಚಿಲ್ಲರಾದ್ದ ತ್ರಾಸ ಇಲ್ಲ, ಖರೆ. ಆದ್ರ ಕೊತ್ತಂಬರಿ ಯಾರ ಕೊಡಬೇಕು?"

"ಒಯ್ರಿ ಆಯಿ, ಒಯ್ರಿ."

ಗೌರಕ್ಕ ಐವತ್ತೈದೇ ಕೊಟ್ಟರು, ನೋಟಿನಲ್ಲಿ. ಅವರೂ ಒಂದು ಹಿಡಿ ಕೊತ್ತಂಬರಿ ಎತ್ತಿಕೊಂಡರು.

ಗಾಡಿ ಮುಂದಿನ ತಿರುವಿಗೆ ಹೊರಟಿತು. ಆಯಿ ಕಟ್ಟೆ ಹತ್ತಿದವಳು ತಿರುಗಿ ನಿಂತು, "ಏ ಕಸ್ತೂರೀ, ನಾಳೆ ಹಕ್ಕರಕಿ ತಾರ!" ಅಂತ ಕೂಗಿದಳು.

ಗಾಡಿ ನಿಲ್ಲಲಿಲ್ಲ.

"ಕಸ್ತೂರೀ!"

ಆಕೆ ಸೊಪ್ಪು ಸರಿಸುತ್ತ, ತನ್ನ ಪಾಡಿಗೆ ತಳ್ಳುತ್ತ ಹೋಗುತ್ತಲೇ ಇದ್ದಳು.

ಆಯಿ ಉಸಿರು ತುಂಬಿಕೊಂಡಳು. "ಏ ಮುಚಖಂಡೆವ್ವಾ!"

"ಏನ್ರಿ ಆಯಿ?" ಗಾಡಿ ತಟ್ಟನೆ ನಿಂತಿತು.